ಎಕರೆಗೆ 80 ಗ್ರಾಂ, ಹನ್ನೆರಡೂವರೆ ಟ್ಯಾಂಕು

ಕೀಟನಾಶಕದ ಬಗ್ಗೆ ಬರುವ ಕೃಷಿ ಪ್ರಕಟಣೆಗಳನ್ನು ರೈತರ ಕೈಗೆ ಕೊಡುವ ಚೀಟಿಯಾಗಿ ಇಳಿಸುವುದು ನನ್ನ ಕೆಲಸದ ದೊಡ್ಡ ಪಾಲು. ಉದ್ದ ವಾಕ್ಯ ಕತ್ತರಿಸುವುದು ಕಷ್ಟವಲ್ಲ. ಕತ್ತರಿಸುವಾಗ ಔಷಧಿಯ ಅಳತೆ ಕದಲದಂತೆ ನೋಡಿಕೊಳ್ಳುವುದು ಕಷ್ಟ. ಒಂದು ಮಾದರಿ ತೆಗೆದುಕೊಳ್ಳೋಣ. ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಹೀಗೆ ಇರುತ್ತದೆ:

"ಬಾಧೆ ಕಂಡುಬಂದಲ್ಲಿ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಕೀಟನಾಶಕವನ್ನು ಹೆಕ್ಟೇರಿಗೆ 10 ಗ್ರಾಂ ಸಕ್ರಿಯ ಅಂಶದ ಪ್ರಮಾಣದಲ್ಲಿ 500 ಲೀಟರ್ ನೀರಿನಲ್ಲಿ ಬೆರೆಸಿ ಸಿಂಪಡಿಸುವುದು, ಅಥವಾ ಸ್ಪಿನೆಟೊರಾಮ್ 11.7 ಎಸ್‌ಸಿ ಪ್ರತಿ ಲೀಟರಿಗೆ 0.5 ಮಿ.ಲೀ., ಅಥವಾ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಪ್ರತಿ ಲೀಟರಿಗೆ 0.4 ಮಿ.ಲೀ. ಬಳಸುವುದು. ಸೂಕ್ತ ಸುರಕ್ಷತಾ ಕ್ರಮಗಳನ್ನು ಅನುಸರಿಸುವುದು."

ಇದರಲ್ಲಿ ತಪ್ಪೇನಿಲ್ಲ. ಆದರೆ ಹೊಲದಲ್ಲಿ ನಿಂತವರ ಹತ್ತಿರ ಇರುವುದು ಒಂದು ಪೊಟ್ಟಣ ಮತ್ತು ಬೆನ್ನಿಗೆ ಹಾಕುವ 16 ಲೀಟರ್ ಟ್ಯಾಂಕು. ಹೆಕ್ಟೇರೂ ಇಲ್ಲ, ಸಕ್ರಿಯ ಅಂಶವೂ ಇಲ್ಲ.

ಮೊದಲ ಅಪಾಯ ಈ ಸಕ್ರಿಯ ಅಂಶದಲ್ಲೇ ಇದೆ. ಕಷ್ಟದ ಮಾತು ಅಂತ ಅದನ್ನು ಸುಮ್ನೆ ಹೊಡೆದುಹಾಕಿದರೆ "ಹೆಕ್ಟೇರಿಗೆ 10 ಗ್ರಾಂ" ಅಂತ ಉಳಿಯುತ್ತದೆ. ಅದು ಬೇಕಾದದ್ದರ ಇಪ್ಪತ್ತನೇ ಒಂದು ಪಾಲು. 5 ಎಸ್‌ಜಿ ಅಂದರೆ 100 ಗ್ರಾಂ ಪುಡಿಯಲ್ಲಿ ನಿಜವಾದ ವಿಷ 5 ಗ್ರಾಂ ಮಾತ್ರ. ಹಾಗಾಗಿ 10 ಗ್ರಾಂ ವಿಷ ಸಿಗಬೇಕಾದರೆ 200 ಗ್ರಾಂ ಪುಡಿ ಬೇಕು. ಈ ಲೆಕ್ಕ ನಾವು ಮಾಡಿ, ಉತ್ತರವನ್ನಷ್ಟೇ ಚೀಟಿಗೆ ಹಾಕಬೇಕು.

ಆಮೇಲೆ ಎಕರೆ. ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ. 200 ಗ್ರಾಮನ್ನು ಎರಡೂವರೆಯಿಂದ ಭಾಗಿಸಿದರೆ 80 ಗ್ರಾಂ, 500 ಲೀಟರನ್ನು ಭಾಗಿಸಿದರೆ 200 ಲೀಟರ್. ಸರಿಯಾದ ಸಂಖ್ಯೆ 2.47, ಅಂದರೆ ವ್ಯತ್ಯಾಸ ನೂರಕ್ಕೆ ಒಂದರಷ್ಟು. ಔಷಧಿ, ನೀರು ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಲೀಟರಿಗೆ 0.4 ಗ್ರಾಂ ಅನ್ನುವುದು ಬದಲಾಗುವುದಿಲ್ಲ. ಒಂದನ್ನು ಮಾತ್ರ "ಸುಲಭ ಸಂಖ್ಯೆ" ಮಾಡಿದರೆ ಅಳತೆ ಕೆಟ್ಟಿತು.

ಟ್ಯಾಂಕಿಗೆ ಬಂದಾಗ ನಿಜವಾದ ತೊಡಕು. 16 ಲೀಟರಿಗೆ 6.4 ಗ್ರಾಂ. ಇದನ್ನು ಹೊಲದ ಬದುವಿನಲ್ಲಿ ಯಾರು ತೂಗುತ್ತಾರೆ? ಇಲ್ಲೇ ಬರೆಯುವವರ ಕೈ ಜಾರುವುದು: "ಸುಮಾರು 10 ಗ್ರಾಂ" ಅಂತಲೋ "ಒಂದು ಚಮಚ" ಅಂತಲೋ ಹಾಕಿಬಿಡುತ್ತಾರೆ. 10 ಗ್ರಾಂ ಅಂದರೆ ಒಂದೂವರೆ ಪಟ್ಟಿಗೂ ಜಾಸ್ತಿ. ಚಮಚವೋ, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಗಾತ್ರ. ತಲೆಮಟ್ಟ ತುಂಬುವವರಿದ್ದಾರೆ, ರಾಶಿ ಹಾಕುವವರಿದ್ದಾರೆ.

ಸಂಖ್ಯೆ ಬದಲಿಸುವ ಬದಲು ಅಳೆಯುವ ವಿಧಾನ ಬದಲಿಸಿದರೆ ಇದು ಸರಿಹೋಗುತ್ತದೆ. ಎಕರೆಗೆ 200 ಲೀಟರ್ ಅಂದರೆ 16 ಲೀಟರಿನ ಹನ್ನೆರಡೂವರೆ ಟ್ಯಾಂಕು. 80 ಗ್ರಾಂ ಪುಡಿಯನ್ನು ಒಮ್ಮೆಲೇ ತೂಗಿ, ಒಟ್ಟು ಎರಡೂವರೆ ಲೀಟರ್ ಆಗುವಷ್ಟು ನೀರಿನಲ್ಲಿ ಕರಗಿಸಬೇಕು. ಇದರ 200 ಮಿ.ಲೀ.ಯಲ್ಲಿ ಸರಿಯಾಗಿ 6.4 ಗ್ರಾಂ ಇರುತ್ತದೆ. ತಕ್ಕಡಿ ಒಂದೇ ಸಲ ಸಾಕು, ಆಮೇಲೆ ಗೆರೆ ಇರುವ ಅಳತೆ ಲೋಟ. ಕೊನೆಯ ಅರ್ಧ ಟ್ಯಾಂಕಿಗೆ, ಅಂದರೆ 8 ಲೀಟರಿಗೆ, 100 ಮಿ.ಲೀ. ಎಸ್‌ಜಿ ಅನ್ನುವುದು ನೀರಿನಲ್ಲಿ ಕರಗುವ ಹರಳು, ಆದ್ದರಿಂದ ಈ ಉಪಾಯ ನಡೆಯುತ್ತದೆ. ತಳಕ್ಕೆ ಕೂರುವ ಪುಡಿಗಳಲ್ಲಿ ಮೊದಲ ಟ್ಯಾಂಕಿಗೆ ತೆಳು, ಕೊನೆಯದಕ್ಕೆ ಗಟ್ಟಿ ಆಗಬಹುದು. ಅಲ್ಲಿ ಪ್ರತಿ ಟ್ಯಾಂಕಿಗೂ ಬೇರೆ ಬೇರೆ ತೂಗಿದ ಪೊಟ್ಟಣವೇ ವಾಸಿ.

ಇನ್ನು ಆ "ಅಥವಾ". ಉದ್ದ ವಾಕ್ಯವನ್ನು ಚುಕ್ಕಿ ಹಾಕಿದ ಪಟ್ಟಿ ಮಾಡಿದ ಕೂಡಲೇ ಮೊದಲು ಮಾಯವಾಗುವ ಪದ ಅದೇ. ಮೂರು ಔಷಧಿ ಒಂದರ ಕೆಳಗೊಂದು ನಿಂತರೆ ಓದುವವರು ಮೂರನ್ನೂ ತಂದು ಒಂದೇ ಟ್ಯಾಂಕಿಗೆ ಸುರಿಯುತ್ತಾರೆ. ಅವರನ್ನು ದೂರಿ ಏನು ಬಂತು, ಪಟ್ಟಿ ಹಾಗೇ ಹೇಳುತ್ತಿದೆ ಅಲ್ವಾ? ಅದಕ್ಕೆ ನಾನು ಒಂದು ಚೀಟಿಯಲ್ಲಿ ಒಂದೇ ಔಷಧಿ ಇಡುತ್ತೇನೆ. ಬೇರೆಯದಕ್ಕೆ ಬೇರೆ ಚೀಟಿ.

ಹೆಸರಿನ ಜೊತೆಗಿನ "5 ಎಸ್‌ಜಿ" ಕೂಡ ಅಲಂಕಾರವಲ್ಲ. ಇದೇ ಎಮಾಮೆಕ್ಟಿನ್ 1.9 ಇಸಿ ಎಂಬ ದ್ರವ ರೂಪದಲ್ಲೂ ಬರುತ್ತದೆ. ಅದರ ಬಲ ಅರ್ಧಕ್ಕೂ ಕಡಿಮೆ, ಅಳತೆಯೂ ಬೇರೆ. ಹೆಸರು ಮಾತ್ರ ಬರೆದು ಬಲ ಬಿಟ್ಟರೆ ಚೀಟಿಯ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಇಷ್ಟಾದ ಮೇಲೆ ಚೀಟಿ ಹೀಗೆ ಬರುತ್ತದೆ:

ಮೆಕ್ಕೆಜೋಳ – ಸೈನಿಕ ಹುಳು
ಔಷಧಿ: ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ. ಬೇರೆ ಯಾವುದನ್ನೂ ಇದಕ್ಕೆ ಬೆರೆಸಬೇಡಿ.
1. ಕೈಗವಸು, ಮುಖಕ್ಕೆ ಮಾಸ್ಕ್, ಕನ್ನಡಕ, ತುಂಬು ತೋಳಿನ ಬಟ್ಟೆ ಹಾಕಿಕೊಳ್ಳಿ.
2. ಒಂದು ಎಕರೆಗೆ 80 ಗ್ರಾಂ ತೂಗಿ. ಬಕೆಟ್‌ಗೆ ಹಾಕಿ, ಎರಡೂವರೆ ಲೀಟರ್ ಗೆರೆವರೆಗೆ ನೀರು ತುಂಬಿ, ಕೋಲಿನಿಂದ ಕಲಸಿ.
3. 16 ಲೀಟರ್ ಟ್ಯಾಂಕಿಗೆ ಅರ್ಧ ನೀರು ಹಾಕಿ. ಬಕೆಟ್‌ನಿಂದ 200 ಮಿ.ಲೀ. ಸುರಿಯಿರಿ. 16ರ ಗೆರೆವರೆಗೆ ನೀರು ತುಂಬಿ.
4. ಬೆಳಿಗ್ಗೆ ಅಥವಾ ಸಂಜೆ, ಗಾಳಿ ಇಲ್ಲದಾಗ, ಗಿಡದ ಸುಳಿಯೊಳಗೆ ಬೀಳುವಂತೆ ಹೊಡೆಯಿರಿ.
5. ಎಕರೆಗೆ ಹನ್ನೆರಡೂವರೆ ಟ್ಯಾಂಕು. ಕೊನೆಯ ಅರ್ಧ ಟ್ಯಾಂಕಿಗೆ 100 ಮಿ.ಲೀ. ಸುರಿದು, 8ರ ಗೆರೆವರೆಗೆ ಮಾತ್ರ ನೀರು ತುಂಬಿ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಸಿಂಪಡಿಸಿ ಎಷ್ಟು ದಿನದ ಮೇಲೆ ಕೊಯ್ಯಬಹುದು ಅನ್ನುವ ಸಾಲು ಕೊನೆಗೆ ಬರುತ್ತದೆ. ಆ ಸಂಖ್ಯೆಯನ್ನು ಪೊಟ್ಟಣದ ಲೇಬಲ್ ನೋಡಿಯೇ ಬರೆಯುತ್ತೇನೆ, ನೆನಪಿನಿಂದ ಬರೆಯುವುದಿಲ್ಲ. ಪ್ರಕಟಣೆ ಮತ್ತು ಲೇಬಲ್ ಬೇರೆ ಬೇರೆ ಹೇಳಿದರೆ ಚೀಟಿ ಅಚ್ಚಿಗೆ ಹೋಗುವುದಿಲ್ಲ. ಮೊದಲು ಪ್ರಕಟಣೆ ಬರೆದವರನ್ನು ಕೇಳಬೇಕು.

ಚೀಟಿಯಲ್ಲಿ "0.4" ಎಲ್ಲೂ ಇಲ್ಲ ಅನ್ನುವುದನ್ನು ಗಮನಿಸಿದಿರಾ? ಬೇಕೆಂದೇ ಬಿಟ್ಟದ್ದು. ಜೆರಾಕ್ಸ್ ಮೇಲೆ ಜೆರಾಕ್ಸ್ ಆದಾಗ ಚುಕ್ಕಿ ಅಳಿಸಿಹೋದರೆ 0.4 ಅನ್ನುವುದು 4 ಆಗಿ ಕಾಣುತ್ತದೆ, ಹತ್ತು ಪಟ್ಟು. ಚುಕ್ಕಿ ಬೇಕೇ ಬೇಕಾದ ಕಡೆ ಪಕ್ಕದಲ್ಲಿ "ಅರ್ಧ ಗ್ರಾಂಗಿಂತ ಕಡಿಮೆ" ಅಂತ ಅಕ್ಷರದಲ್ಲೂ ಹಾಕುತ್ತೇನೆ. ಸಂಖ್ಯೆ ಒಂದು ಸಾಲಿನ ತುದಿಯಲ್ಲಿ, "ಗ್ರಾಂ" ಮುಂದಿನ ಸಾಲಿನಲ್ಲಿ ಬೀಳದಂತೆಯೂ ನೋಡಬೇಕು. ಸಂಖ್ಯೆ ಒಂಟಿಯಾದರೆ ಗ್ರಾಂ ಯಾವುದು, ಮಿ.ಲೀ. ಯಾವುದು ಅಂತ ಓದುವವರೇ ಊಹಿಸಿಕೊಳ್ಳುತ್ತಾರೆ.

ಅಳತೆ ಸರಿ ಇದ್ದರೂ ನಡಿಗೆ ತಪ್ಪಿದರೆ ಕೆಡುತ್ತದೆ. ಎಂಟೇ ಟ್ಯಾಂಕಿನಲ್ಲಿ ಎಕರೆ ಮುಗಿಸಿದರೆ ಗಿಡಕ್ಕೆ ಸಿಕ್ಕಿದ್ದು 51 ಗ್ರಾಂ ಮಾತ್ರ, ಹುಳು ಸಾಯದೇ ಉಳಿಯುತ್ತದೆ. ಇದಕ್ಕೆ ಗುಂಟೆ ಲೆಕ್ಕ ಅನುಕೂಲ. 200 ಲೀಟರನ್ನು 40 ಗುಂಟೆಗೆ ಹಂಚಿದರೆ ಗುಂಟೆಗೆ 5 ಲೀಟರ್. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಗುರುತು ಮಾಡಿ, ಔಷಧಿ ಹಾಕದ 5 ಲೀಟರ್ ನೀರು ಹೊಡೆದು ನೋಡಲಿ. ನೀರು ಉಳಿದರೆ ನಡಿಗೆ ಬಿರುಸಾಯಿತು, ಮೊದಲೇ ಮುಗಿದರೆ ನಿಧಾನವಾಯಿತು. ಈ ಮೂರು ಸಾಲು ಚೀಟಿಯ ಹಿಂಬದಿಗೆ ಹೋಗುತ್ತದೆ. ಇಪ್ಪತ್ತು ಗುಂಟೆ ಇರುವವರಿಗೆ 40 ಗ್ರಾಂ, ಒಂದೂಕಾಲು ಲೀಟರ್, ಆರೂಕಾಲು ಟ್ಯಾಂಕು ಅನ್ನುವುದೂ ಅಲ್ಲೇ ಇರುತ್ತದೆ. ಅವರ ಕೈಯಲ್ಲಿ ಭಾಗಾಕಾರ ಮಾಡಿಸಬಾರದು.

ಅಚ್ಚಿಗೆ ಮುಂಚೆ ಚೀಟಿಯನ್ನು ಇಬ್ಬರು ಮೂವರು ರೈತರ ಕೈಗೆ ಕೊಟ್ಟು, ಔಷಧಿ ಬದಲು ಉಪ್ಪು ಇಟ್ಟು, "ಇದರಲ್ಲಿ ಹೇಳಿದ ಹಾಗೆ ಮಾಡಿ ತೋರಿಸಿ" ಅನ್ನುತ್ತೇನೆ. "ಅರ್ಥ ಆಯ್ತಾ" ಅಂತ ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಹೂಂ ಅನ್ನುತ್ತಾರೆ. ಕೈ ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. ಹೆಚ್ಚಾಗಿ ನಿಲ್ಲುವುದು ಎರಡನೇ ಸಾಲಿನಲ್ಲಿ: ಎರಡೂವರೆ ಲೀಟರ್ ಗೆರೆ ಬಕೆಟ್ ಮೇಲೆ ಇರುವುದಿಲ್ಲ. ಅಳತೆ ಲೋಟದಿಂದ ನೀರು ಹೊಯ್ದು, ಮೊದಲೇ ಗೆರೆ ಎಳೆದುಕೊಳ್ಳಿ ಅಂತ ಆ ಸಾಲಿಗೆ ಸೇರಿಸಬೇಕು. ಆ ಬಕೆಟ್ಟೂ ಲೋಟವೂ ಮತ್ತೆ ಮನೆಯೊಳಗೆ ಹೋಗಬಾರದು ಅಂತಲೂ ಅಲ್ಲೇ ಬರೆಯಬೇಕು.