ಗ್ರಹಣ ನೋಡಲು ಹೊರಡುವವರ ಪ್ರಶ್ನೆ: ಮನೆಯ ಎಕ್ಸರೇ ಫಿಲಂ ಸಾಲದೇ?

ಪ್ರಶ್ನೆ: 2031ರ ಮೇ 21ರಂದು ಕೇರಳ ಮತ್ತು ತಮಿಳುನಾಡಿನಲ್ಲಿ ಕಂಕಣ ಸೂರ್ಯಗ್ರಹಣ ಕಾಣುತ್ತದೆಂದು ಓದಿದೆವು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕುಟುಂಬ ಸಮೇತ ಹೋಗಬೇಕೆಂದಿದ್ದೇವೆ. ಯಾವ ಊರು ಒಳ್ಳೆಯದು? ಆ ಹೊತ್ತಿಗೆ ಮೋಡ ಇರಬಹುದೇ? ಕಣ್ಣಿಗೆ ಅಡ್ಡ ಹಿಡಿಯಲು ತಂದೆಯವರ ಎಕ್ಸರೇ ಫಿಲಂ ಮನೆಯಲ್ಲಿದೆ, ಎರಡು ಪದರ ಮಾಡಿದರೆ ಸಾಕಲ್ಲವೇ?

ಉತ್ತರ: ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ. 2019ರ ಡಿಸೆಂಬರ್ 26ರ ಗ್ರಹಣಕ್ಕೆ ಮೊದಲೂ ಇದನ್ನೇ ಕೇಳಿದ್ದರು, ಆಮೇಲೂ ಕೇಳುತ್ತಿದ್ದಾರೆ. ಉತ್ತರ ಆಗ ಇದ್ದದ್ದೇ: ಸಾಲದು. ಆದರೆ ‘ಸಾಲದು’ ಎಂದಷ್ಟೇ ಹೇಳಿದರೆ ಯಾರೂ ಒಪ್ಪುವುದಿಲ್ಲವೆಂದು ಅನುಭವದಿಂದ ಬಲ್ಲೆನಾದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ.

ಸೂರ್ಯನನ್ನು ನೇರವಾಗಿ ನೋಡುವ ಕನ್ನಡಕಕ್ಕೆ ಐಎಸ್ಒ 12312-2 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಕನ್ನಡಕವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚೆಂದರೆ ಸುಮಾರು ಮೂವತ್ತು ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡಬಹುದು. ಇನ್ನು ಎದೆಯ ಎಕ್ಸರೇ ಫಿಲಮನ್ನು ನೋಡೋಣ. ಅದರಲ್ಲಿ ಶ್ವಾಸಕೋಶದ ಭಾಗ ಕಪ್ಪಾಗಿ ಕಾಣುತ್ತದೆ. ಅಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ದಾಟುತ್ತದೆಂದು ಇಟ್ಟುಕೊಂಡರೆ, ಎರಡು ಪದರ ಮಾಡಿದಾಗ ಹತ್ತು ಸಾವಿರದಲ್ಲಿ ಒಂದು ಪಾಲು ಆಗುತ್ತದೆ. ಅಂದರೆ ಅನುಮತಿಗಿಂತ ಮೂರು ಪಟ್ಟು. ಹೃದಯ ಮತ್ತು ಪಕ್ಕೆಲುಬಿನ ಭಾಗವಾದರೋ ಬಹಳ ತೆಳು. ಅಲ್ಲಿ ಹತ್ತರಲ್ಲಿ ಒಂದು ಪಾಲು ದಾಟಿದರೆ ಎರಡು ಪದರದಲ್ಲಿ ನೂರರಲ್ಲಿ ಒಂದು, ಅಂದರೆ ಅನುಮತಿಗಿಂತ ಮುನ್ನೂರು ಪಟ್ಟು. ಕೈಯಲ್ಲಿ ಹಿಡಿದ ಫಿಲಂ ಒಂದಿಷ್ಟು ಸರಿದರೆ ಶ್ವಾಸಕೋಶದ ಜಾಗಕ್ಕೆ ಪಕ್ಕೆಲುಬು ಬರುತ್ತದೆ. ಎಂಟು ವರ್ಷದ ಮಗು ಅದನ್ನು ಅಲುಗಿಸದೆ ಹಿಡಿಯುವುದಿಲ್ಲ, ಅಜ್ಜನೂ ಹಿಡಿಯುವುದಿಲ್ಲ.

ಇಲ್ಲಿಗೆ ಒಂದು ಆಕ್ಷೇಪ ಬರುತ್ತದೆ: “1980ರ ಗ್ರಹಣವನ್ನು ನಮ್ಮ ಹಿರಿಯರು ಫಿಲಂ ಹಿಡಿದೇ ನೋಡಿದರು, ಅವರಿಗೆ ಏನೂ ಆಗಲಿಲ್ಲ.” ಈ ಮಾತಿಗೆ ಒಂದು ಬುಡ ಇದೆ. ಹಿಂದೆ ತಿಳಿದವರು ಹೇಳುತ್ತಿದ್ದದ್ದು ಯಾವುದೋ ಫಿಲಂ ಅಲ್ಲ. ಪೂರ್ತಿ ಬೆಳಕಿಗೊಡ್ಡಿ, ತೊಳೆದು, ಚಿತ್ರವೇ ಇಲ್ಲದಂತೆ ಒಂದೇ ಸಮನೆ ಕಪ್ಪಾಗಿಸಿದ ಕಪ್ಪು-ಬಿಳುಪು ಫಿಲಮನ್ನು. ಅದರಲ್ಲಿದ್ದ ಬೆಳ್ಳಿಯ ಕಣಗಳು ಕಣ್ಣಿಗೆ ಕಾಣುವ ಬೆಳಕನ್ನೂ ಕಾಣದ ಅವಕೆಂಪು ಕಿರಣಗಳನ್ನೂ ತಡೆಯುತ್ತಿದ್ದವು. ಈಗ ಸ್ಕ್ಯಾನಿಂಗ್ ಕೇಂದ್ರಗಳು ಕೊಡುವ ಹಾಳೆಗಳಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಶಾಯಿಯಿಂದ ಮುದ್ರಿಸಿದವೂ ಇವೆ. ಶಾಯಿಯ ಕಪ್ಪು ಕಣ್ಣಿಗೆ ಕಪ್ಪಾಗಿ ಕಂಡರೂ ಅವಕೆಂಪು ಕಿರಣಗಳಿಗೆ ಕಿಟಕಿಯಂತೆ ತೆರೆದಿರಬಹುದು. ಯಾವ ಹಾಳೆಯಲ್ಲಿ ಬೆಳ್ಳಿಯಿದೆ, ಯಾವುದರಲ್ಲಿ ಶಾಯಿಯಿದೆ ಎಂದು ಮನೆಯಲ್ಲಿ ಕುಳಿತು ಬರಿಗಣ್ಣಿನಿಂದ ಹೇಳಲಾಗದು. ಸಿಡಿ, ಮಸಿ ಹಿಡಿಸಿದ ಗಾಜು, ಕಪ್ಪು ಪ್ಲಾಸ್ಟಿಕ್ ಚೀಲಗಳಿಗೂ ಇದೇ ಮಾತು ಅನ್ವಯಿಸುತ್ತದೆ.

“ಕಣ್ಣು ಉರಿಯಲಿಲ್ಲವಲ್ಲ” ಎಂಬುದು ಇನ್ನೊಂದು ಸಮರ್ಥನೆ. ಅಕ್ಷಿಪಟಲಕ್ಕೆ ನೋವನ್ನು ತಿಳಿಸುವ ನರಗಳೇ ಇಲ್ಲದಿರುವಾಗ ಅದು ಉರಿಯುವುದಾದರೂ ಹೇಗೆ? ಹಾನಿಯಲ್ಲಿ ದೊಡ್ಡ ಪಾಲು ಪ್ರಖರವಾದ ನೀಲಿ ಬೆಳಕು ಅಕ್ಷಿಪಟಲದ ಕೋಶಗಳಲ್ಲಿ ಉಂಟುಮಾಡುವ ರಾಸಾಯನಿಕ ಕ್ರಿಯೆಯದು. ಅವಕೆಂಪು ಕಿರಣಗಳ ಬಿಸಿ ಅದಕ್ಕೆ ಸೇರುತ್ತದೆ. ನೋಡುವಾಗ ಏನೂ ಆಗದಂತಿದ್ದು, ಕೆಲವು ಗಂಟೆಗಳ ಬಳಿಕ ಅಥವಾ ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ನೋಟದ ನಟ್ಟನಡುವೆ ಒಂದು ಮಬ್ಬು ಕಲೆ ಕಾಣುತ್ತದೆ, ನೇರ ಗೆರೆಗಳು ಡೊಂಕಾಗಿ ತೋರುತ್ತವೆ. ಕೆಲವರಿಗೆ ತಿಂಗಳುಗಳಲ್ಲಿ ಇದು ಸುಧಾರಿಸುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಖಚಿತವಾಗಿ ಗುಣಪಡಿಸುವ ಔಷಧವಿಲ್ಲ. ಸಾಲದ ಫಿಲಂ ಹಿಡಿಯುವುದರಲ್ಲಿ ಇನ್ನೊಂದು ಕೇಡೂ ಇದೆ. ಬರಿಗಣ್ಣು ಸೂರ್ಯನಿಂದ ತಾನಾಗಿ ಮುಖ ತಿರುಗಿಸುತ್ತದೆ. ಫಿಲಂ ಆ ತಡೆಯನ್ನು ತೆಗೆದು, ಕಣ್ಣಿನ ಪಾಪೆಯನ್ನು ಅಗಲಗೊಳಿಸಿ, ನಿಮಿಷಗಟ್ಟಲೆ ದಿಟ್ಟಿಸುವಂತೆ ಮಾಡುತ್ತದೆ.

ನಮ್ಮ ಕಡೆಯ ಹಿರಿಯರು ಹರಿವಾಣದಲ್ಲಿ ಸೆಗಣಿ ನೀರು ಇಟ್ಟು ಪ್ರತಿಬಿಂಬ ನೋಡಲು ಹೇಳುವುದುಂಟು. ನಮ್ಮ ಜಿಲ್ಲೆಯ ಚೆರ್ವತ್ತೂರಿನಲ್ಲಿ 2019ರಲ್ಲಿ ಕಂಕಣ ಕಂಡ ಒಂಬತ್ತೂಕಾಲರ ನಂತರದ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 32 ಡಿಗ್ರಿ ಮೇಲಿದ್ದ. ಆ ಓರೆಯಲ್ಲಿ ಬಿದ್ದ ಬಿಸಿಲಿನ ಸುಮಾರು ಇಪ್ಪತ್ತರಲ್ಲಿ ಒಂದು ಪಾಲನ್ನು ನೀರಿನ ಮೇಲ್ಮೈಯೇ ಹಿಂದಕ್ಕೆ ಕಳಿಸುತ್ತದೆ. ಸೆಗಣಿ ನೀರನ್ನು ಕದಡಬಹುದೇ ಹೊರತು ಮೇಲ್ಮೈಯ ಪ್ರತಿಫಲನವನ್ನು ಕಡಿಮೆ ಮಾಡಲಾರದು. ಇಪ್ಪತ್ತರಲ್ಲಿ ಒಂದೆಲ್ಲಿ, ಮೂವತ್ತು ಸಾವಿರದಲ್ಲಿ ಒಂದೆಲ್ಲಿ?

“ಕಂಕಣ ಪೂರ್ತಿಯಾದಾಗ ಕನ್ನಡಕ ತೆಗೆಯಬಹುದಂತೆ” ಎಂಬುದು ಖಗ್ರಾಸ ಗ್ರಹಣದ ಸಲಹೆಯನ್ನು ತಪ್ಪು ಜಾಗಕ್ಕೆ ಅಂಟಿಸಿದ ಮಾತು. ಖಗ್ರಾಸದಲ್ಲಿ ಸೂರ್ಯಬಿಂಬ ಪೂರ್ತಿ ಮುಚ್ಚಿರುವ ಆ ಕೆಲವು ನಿಮಿಷ ಮಾತ್ರ ಬರಿಗಣ್ಣಿಗೆ ಅಡ್ಡಿಯಿಲ್ಲ. ಕಂಕಣದಲ್ಲಿ ಉಳಿಯುವ ಬಳೆಯ ಪ್ರತಿ ಚೂರೂ ದಿನನಿತ್ಯದ ಸೂರ್ಯನಷ್ಟೇ ಪ್ರಖರವಾಗಿರುವುದರಿಂದ, ಮೊದಲ ಸ್ಪರ್ಶದಿಂದ ಕೊನೆಯ ಮೋಕ್ಷದವರೆಗೆ ಒಂದು ಕ್ಷಣವೂ ಕನ್ನಡಕ ತೆಗೆಯುವಂತಿಲ್ಲ.

ಆದ್ದರಿಂದ ಐಎಸ್ಒ ಗುರುತಿರುವ ಗ್ರಹಣದ ಕನ್ನಡಕವನ್ನು ತಿಂಗಳು ಮೊದಲೇ, ನಂಬಿಕೆಯ ವಿಜ್ಞಾನ ಸಂಸ್ಥೆ ಅಥವಾ ತಾರಾಲಯದ ಮೂಲಕ ಪಡೆಯಿರಿ. ಗುರುತನ್ನು ಯಾರು ಬೇಕಾದರೂ ಮುದ್ರಿಸಬಹುದಾದ ಕಾರಣ ಮನೆಯಲ್ಲೂ ಪರೀಕ್ಷಿಸಿ: ಧರಿಸಿ ಕೋಣೆಯನ್ನು ನೋಡಿದರೆ ಕಿಟಕಿಯಾಗಲಿ ಟ್ಯೂಬ್‌ಲೈಟಾಗಲಿ ಕಾಣಬಾರದು, ಮೊಬೈಲಿನ ಟಾರ್ಚನ್ನು ಹತ್ತಿರ ತಂದಾಗ ಹೆಚ್ಚೆಂದರೆ ಮಂಕಾದ ಚುಕ್ಕೆ ಕಾಣಬಹುದು. ಈ ಪರೀಕ್ಷೆಯಲ್ಲಿ ಸೋತ ಕನ್ನಡಕ ಖಂಡಿತ ಕೆಟ್ಟದ್ದು. ಗೆದ್ದ ಮಾತ್ರಕ್ಕೆ ಒಳ್ಳೆಯದೆನ್ನಲಾಗದು, ಅದಕ್ಕೇ ಕೊಳ್ಳುವ ಜಾಗ ಮುಖ್ಯ. ಗೀರು, ತೂತು, ಮಡಿಕೆ ಇದ್ದರೆ ಎಸೆಯಿರಿ. ಕನ್ನಡಕ ಹಾಕಿಕೊಂಡು ದುರ್ಬೀನಿನಲ್ಲಿ ಇಣುಕಬೇಡಿ. ಅದು ಒಟ್ಟುಗೂಡಿಸಿದ ಬಿಸಿಲು ಕನ್ನಡಕವನ್ನೇ ಸುಡುತ್ತದೆ. ದುರ್ಬೀನಿಗೆ ಸೋಸುಪಟ್ಟಿ ಬೇಕಾದದ್ದು ಅದರ ಮುಂದಿನ ಮಸೂರದ ಹೊರಗೆ.

ಕನ್ನಡಕ ಸಿಗದಿದ್ದರೆ ಕನ್ನಡಿ ಸಾಕು. ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಒಂದು ಸೆಂಟಿಮೀಟರ್ ಅಗಲದ ರಂಧ್ರ ಬಿಟ್ಟು, ಬಿಸಿಲನ್ನು ಇಪ್ಪತ್ತು ಮೀಟರ್ ದೂರದ ಕತ್ತಲೆ ಗೋಡೆಯ ಮೇಲೆ ಬೀಳಿಸಿದರೆ ಸುಮಾರು ಹದಿನೆಂಟು ಸೆಂಟಿಮೀಟರಿನ ಸೂರ್ಯಬಿಂಬ ಮೂಡುತ್ತದೆ. ಇಡೀ ಕುಟುಂಬ ಒಟ್ಟಿಗೆ ನೋಡಬಹುದು. ನೋಡಬೇಕಾದದ್ದು ಗೋಡೆಯನ್ನು, ಕನ್ನಡಿಯನ್ನಲ್ಲ.

ಇನ್ನು ಊರಿನ ವಿಷಯ. 2019ರಲ್ಲಿ ಕಂಕಣ ಕಾಣುವ ನೆಲದ ಪಟ್ಟಿ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಗಿತ್ತು. 2031ರಲ್ಲಿ ಹಾಗಿಲ್ಲ, ಕಾಸರಗೋಡಿನಲ್ಲಿ ಕಾಣುವುದು ಖಂಡಗ್ರಾಸ ಮಾತ್ರ. ಪಟ್ಟಿ ಕೊಟ್ಟಾಯಂ, ತೇಣಿ, ಮದುರೈ ಪ್ರದೇಶಗಳ ಮೂಲಕ ಪೂರ್ವ ಕರಾವಳಿಗೆ ಸಾಗುತ್ತದೆ. ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಪಟ್ಟಿಯ ನಡುಗೆರೆಯ ಬಳಿ ಐದು ನಿಮಿಷದ ಆಸುಪಾಸು ಬಳೆ ನಿಲ್ಲುತ್ತದೆ. ಸೂರ್ಯ ಬಹುತೇಕ ನೆತ್ತಿಯ ಮೇಲಿರುವುದರಿಂದ ಚಾಪೆ ಒಯ್ಯಿರಿ. ಕತ್ತೆತ್ತಿ ಮೂರು ಗಂಟೆ ನಿಲ್ಲಲಾಗದು.

ಕೊಟ್ಟಾಯಂ ನಮಗೆ ರೈಲಿನಲ್ಲಿ ಸುಲಭ, ಆದರೆ ನಾನು ಅದನ್ನು ಆರಿಸಲಾರೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಮೇ ಕೊನೆಯ ವಾರಗಳಲ್ಲಿ ಘಟ್ಟದ ಪಶ್ಚಿಮದಲ್ಲಿ ಮಧ್ಯಾಹ್ನದ ನಂತರ ಗುಡುಗಿನ ಮೋಡ ಕಟ್ಟುವುದು ನಮಗೆ ಹೊಸತಲ್ಲ. ಗುಡ್ಡ ಎತ್ತರವಾದಷ್ಟು ಆಕಾಶ ಹತ್ತಿರವೆಂದು ವಾಗಮಣ್, ಮೂನ್ನಾರ್ ಕಡೆ ಹೊರಡುವವರೂ ಇದ್ದಾರೆ. ಮೇಲೇರುವ ತೇವದ ಗಾಳಿ ಮೋಡವಾಗುವುದೇ ಅಲ್ಲಿ. ಘಟ್ಟದ ಪೂರ್ವಕ್ಕಿರುವ ಮದುರೈ ಬಯಲು ಮಳೆನೆರಳಿನ ಪ್ರದೇಶವಾದ್ದರಿಂದ ಪಾಲಕ್ಕಾಡ್, ಪೊಳ್ಳಾಚಿ, ದಿಂಡಿಗಲ್ ಮಾರ್ಗವಾಗಿ ಹಿಂದಿನ ದಿನವೇ ಅಲ್ಲಿಗೆ ತಲುಪುವುದು ಲೇಸು.

ಆದರೆ ಮದುರೈಯಲ್ಲೇ ಕುಳಿತುಬಿಡಬೇಡಿ. 2009ರ ಜುಲೈ 22ರಂದು ಬಿಹಾರದ ತರೇಗನಾದಲ್ಲಿ ಸಾವಿರಾರು ಮಂದಿ ಸೇರಿದ್ದರು; ಮೋಡ ಎಲ್ಲರ ಗ್ರಹಣವನ್ನೂ ನುಂಗಿತು. ವಾಹನ ಕಾದಿರಿಸಿ, ಬೆಳಿಗ್ಗೆ ಆರಕ್ಕೆ ಹವಾಮಾನ ಇಲಾಖೆಯ ಇನ್‌ಸ್ಯಾಟ್ ಉಪಗ್ರಹ ಚಿತ್ರ ನೋಡಿ, ಪಟ್ಟಿಯೊಳಗೇ ಪೂರ್ವಕ್ಕೆ ಕಾರೈಕುಡಿಯ ಕಡೆ ಸರಿಯಬೇಕೇ ಎಂದು ನಿರ್ಧರಿಸಿ. ಎಂಟರ ಚಿತ್ರದೊಡನೆ ಹೋಲಿಸಿದರೆ ಮೋಡ ಯಾವ ದಿಕ್ಕಿಗೆ ನಡೆಯುತ್ತಿದೆಯೆಂದು ತಿಳಿಯುತ್ತದೆ. ಹತ್ತಿಯುಂಡೆಗಳಂಥ ಚಿಕ್ಕ ಮೋಡಗಳನ್ನು ಕಂಡು ಓಡುವುದು ಬೇಡ. ಅವು ಬಿಸಿಯಾದ ನೆಲದಿಂದ ಹುಟ್ಟಿದವು. ಗ್ರಹಣ ಏರುತ್ತ ನೆಲ ತಣಿದಂತೆ ಹಲವು ಕರಗಿಹೋಗುತ್ತವೆ. ಬೆಳಿಗ್ಗೆಯಿಂದ ಹಾಸಿರುವ ಎತ್ತರದ ಬಿಳಿ ಪೊರೆಯಾದರೆ ಗ್ರಹಣಕ್ಕೆ ಜಗ್ಗುವುದಿಲ್ಲ, ಅದು ಕಂಡರೆ ಹೊರಟುಬಿಡಿ.

ಕತ್ತಲ ಜಾಗ ಬೇಕೇ ಎಂದು ತಾವು ಕೇಳಿಲ್ಲ. ಸೂರ್ಯಗ್ರಹಣಕ್ಕೆ ಬೇಡ, ಬಸ್ ನಿಲ್ದಾಣದ ಅಂಗಳವೂ ಆದೀತು. ಆದರೆ ಸೂರ್ಯಗ್ರಹಣ ಅಮಾವಾಸ್ಯೆಯಂದೇ ಆಗುವುದರಿಂದ ಅದೇ ರಾತ್ರಿ ನಕ್ಷತ್ರ ನೋಡಲು ಚಂದ್ರನ ಕಾಟವಿಲ್ಲ. ಮದುರೈ ನಗರವನ್ನು ಉತ್ತರಕ್ಕೆ ಬಿಟ್ಟು ದಕ್ಷಿಣಕ್ಕೆ ಬಯಲಿಗೆ ಹೋದರೆ ನಗರದ ಬೆಳಕು ಬೆನ್ನ ಹಿಂದಿರುತ್ತದೆ. ರಾತ್ರಿ ಒಂಬತ್ತರ ಸುಮಾರಿಗೆ ತ್ರಿಶಂಕು ನಕ್ಷತ್ರಪುಂಜ ದಕ್ಷಿಣದಲ್ಲಿ ದಿಗಂತದಿಂದ 20 ಡಿಗ್ರಿ ಎತ್ತರದಲ್ಲಿ ನೆಟ್ಟಗೆ ನಿಂತಿರುತ್ತದೆ.

ನಮ್ಮೂರಿನಲ್ಲಿಯೇ ನೋಡುವುದಾದರೆ ಮೇ ತಿಂಗಳಲ್ಲ, ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಅಮಾವಾಸ್ಯೆಗಳು ಬೇಕು. ಮಾರ್ಚ್ ಬಳಿಕ ಕಡಲ ತೇವ ಆಕಾಶವನ್ನು ಮಸುಕಾಗಿಸುತ್ತದೆ. ಕಣಿವೆಯ ಅಡಿಕೆ ತೋಟದ ನಡುವಿನ ಮನೆಯಂಗಳದಿಂದ ಕಾಣುವ ಆಕಾಶ ಬಲು ಸಣ್ಣದು. ಮುರಕಲ್ಲಿನ ಪದವು ಎಂಬ ಎತ್ತರದ ಬಯಲಿಗೆ ಹತ್ತಿದರೆ ನಾಲ್ಕೂ ದಿಕ್ಕು ತೆರೆಯುತ್ತದೆ. ಪೊಸಡಿಗುಂಪೆ ಚೆಲುವಾದ ಜಾಗವಾದರೂ ವಾಯವ್ಯದಲ್ಲಿ ಮಂಗಳೂರಿನ ಬೆಳಕು ಹರಡಿರುತ್ತದೆ, ಆದ್ದರಿಂದ ಅಲ್ಲಿಂದ ಪೂರ್ವ ಮತ್ತು ದಕ್ಷಿಣಕ್ಕೆ ಮುಖ ಮಾಡಿ. ರಾಣಿಪುರಂ ಇನ್ನೂ ಕತ್ತಲು, ಆದರೆ ಅದು ಆನೆಗಳಿರುವ ಅರಣ್ಯ ಇಲಾಖೆಯ ಕಾಡು. ರಾತ್ರಿ ಮೇಲೆ ಹತ್ತುವ ಆಲೋಚನೆ ಬೇಡ, ಕೆಳಗಿನ ವಸತಿಯ ಅಂಗಳದಿಂದಲೇ ನೋಡಿ. ಫೆಬ್ರವರಿಯಲ್ಲಿ ತ್ರಿಶಂಕು ಬೇಕಿದ್ದರೆ ಬೆಳಗಿನ ಜಾವ ಮೂರರ ಬಳಿಕ ಏಳಬೇಕು. ಅಗಸ್ತ್ಯ ನಕ್ಷತ್ರವಾದರೆ ಊಟ ಮುಗಿಸಿ ಹೊರಗೆ ಬಂದರೆ ದಕ್ಷಿಣದಲ್ಲಿ ಸಿಗುತ್ತದೆ. ಇವಕ್ಕೆ ಯಾವ ಕನ್ನಡಕವೂ ಬೇಡ.