ಒಬ್ಬನೇ ಮಾರಿದ ಒಟ್ಟು ಮನೆ: ಖರೀದಿದಾರನ ಎದುರು ಉಳಿದ ವಾರಸುದಾರರ ಪರಿಹಾರಗಳು

ತುಮಕೂರಿನ ಶಿರಾ ಗೇಟ್ ಕಡೆಯ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ತಂದೆ ಸ್ವಯಾರ್ಜಿತ ಹಣದಲ್ಲಿ ಕಟ್ಟಿಸಿದ ಮನೆ. ಅವರು ಮರಣಶಾಸನ ಬರೆಯದೆ ತೀರಿಕೊಂಡಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳು ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ನಾಲ್ವರೂ ಮೊದಲನೇ ದರ್ಜೆಯ ವಾರಸುದಾರರು, ತಲಾ ನಾಲ್ಕನೇ ಒಂದು ಪಾಲು. ಹಿರಿಯ ಮಗ ತನ್ನೊಬ್ಬನ ಹೆಸರಿಗೆ ಖಾತೆ ಮಾಡಿಸಿಕೊಂಡು, “ಸದರಿ ಸ್ವತ್ತಿನಲ್ಲಿ ನನ್ನ ಹೊರತು ಬೇರೆ ಯಾರಿಗೂ ಯಾವುದೇ ಹಕ್ಕು ಇರುವುದಿಲ್ಲ” ಎಂದು ಬರೆದು, ಇಡೀ ಮನೆಯನ್ನು ಹೊರಗಿನವರೊಬ್ಬರಿಗೆ 60 ಲಕ್ಷ ರೂಪಾಯಿಗೆ ನೋಂದಾಯಿತ ಕ್ರಯಪತ್ರದ ಮೂಲಕ ಮಾರಿದ್ದಾನೆ. ತಾಯಿ ಮತ್ತು ಕಿರಿಯ ಮಗ ಅದೇ ಮನೆಯಲ್ಲಿ ವಾಸವಿದ್ದಾರೆ.

ಖಾತೆ ತೆರಿಗೆಗಾಗಿ ಇರುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ನೋಂದಣಿಯೂ ಮಾರುವವನಲ್ಲಿ ಇಲ್ಲದ ಹಕ್ಕನ್ನು ಕೊಳ್ಳುವವನಿಗೆ ಕೊಡುವುದಿಲ್ಲ. ಹಾಗಾಗಿ ಈ ಕ್ರಯಪತ್ರ ಹಿರಿಯ ಮಗನ ನಾಲ್ಕನೇ ಒಂದು ಪಾಲಿನ ಮಟ್ಟಿಗೆ ಸಿಂಧು, ಉಳಿದ ಮುಕ್ಕಾಲು ಭಾಗದ ಮಟ್ಟಿಗೆ ಇತರ ಮೂವರನ್ನು ಬಂಧಿಸುವುದಿಲ್ಲ. ಇದರಿಂದ ದಾವೆಯಲ್ಲಿ ಏನನ್ನು ಕೇಳಬೇಕು ಎಂಬುದೂ ತೀರ್ಮಾನವಾಗುತ್ತದೆ. ಪತ್ರಕ್ಕೆ ಸಹಿ ಹಾಕಿದವನು ಅದನ್ನು ರದ್ದುಪಡಿಸಲು ಕೇಳಬೇಕು. ಸಹಿ ಹಾಕದವರು ಅದು ತಮ್ಮ ಪಾಲನ್ನು ಬಂಧಿಸುವುದಿಲ್ಲವೆಂಬ ಘೋಷಣೆ ಕೇಳಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ತಕರಾರು ಅರ್ಜಿ ಕೊಟ್ಟು ಕಾಯುವುದರಿಂದ ಈ ಘೋಷಣೆ ಸಿಗುವುದಿಲ್ಲ, ಅದಕ್ಕೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು.

“ನಾನು ಖಾತೆ ನೋಡಿ, ಇ.ಸಿ. ತೆಗೆಸಿ, ಸದ್ಭಾವನೆಯಿಂದ ಕೊಂಡೆ” ಎಂಬುದು ಖರೀದಿದಾರನ ಸಾಮಾನ್ಯ ವಾದ. ಸ್ವತ್ತಿನ ವಾಸ್ತವ ಸ್ವಾಧೀನದಲ್ಲಿ ಯಾರಿದ್ದಾರೋ ಅವರ ಹಕ್ಕಿನ ಬಗ್ಗೆ ಖರೀದಿದಾರನಿಗೆ ಅರಿವಿದೆ ಎಂದೇ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 3ನೇ ಕಲಂ ಭಾವಿಸುತ್ತದೆ. ತಾಯಿ ಒಳಗೆ ಅಡುಗೆ ಮಾಡುತ್ತಿರುವ ಮನೆಯನ್ನು ಅವರನ್ನು ಒಂದು ಮಾತೂ ಕೇಳದೆ ಕೊಂಡವನಿಗೆ ಈ ವಾದ ಅಷ್ಟಾಗಿ ಉಳಿಯುವುದಿಲ್ಲ.

ನನಗೆ ಬಹಳ ಹೊತ್ತು ಬಿಡಿಸಲಾಗದೆ ಉಳಿದದ್ದು ಮುಂದಿನ ಹಂತ. ಕಾಲು ಪಾಲು ಖರೀದಿದಾರನಿಗೆ ನಿಜವಾಗಿಯೂ ಬಂದಿದೆ ಎಂದಾದರೆ, ಅವನೂ ಸಹಮಾಲೀಕನಾದನಲ್ಲ. ಹಾಗಿದ್ದರೆ ಒಂದು ಕೋಣೆಯಲ್ಲಿ ಬಂದು ಕೂರುವುದನ್ನು ತಡೆಯುವುದು ಹೇಗೆ? ಉತ್ತರ ಇರುವುದು ಅದೇ ಅಧಿನಿಯಮದ 44ನೇ ಕಲಮಿನ ಎರಡನೇ ಭಾಗದಲ್ಲಿ. ಮೊದಲ ಭಾಗವು ಸಹಮಾಲೀಕನಿಂದ ಕೊಂಡವನಿಗೆ ಜಂಟಿ ಸ್ವಾಧೀನದ ಹಕ್ಕನ್ನೂ ವಿಭಾಗ ಕೇಳುವ ಹಕ್ಕನ್ನೂ ಕೊಡುತ್ತದೆ. ಸ್ವತ್ತು ಅವಿಭಕ್ತ ಕುಟುಂಬದ ವಾಸದ ಮನೆಯಾಗಿದ್ದು, ಕೊಂಡವನು ಆ ಕುಟುಂಬದವನಲ್ಲದಿದ್ದರೆ, ಎರಡನೇ ಭಾಗವು ಮೊದಲನೆಯ ಹಕ್ಕನ್ನು ತೆಗೆದುಬಿಡುತ್ತದೆ, ಎರಡನೆಯದನ್ನು ಮಾತ್ರ ಉಳಿಸುತ್ತದೆ. ಅಂದರೆ ಅವನು ಪಾಲು ಕೇಳಬಹುದು, ಆದರೆ ಪಾಲು ಬೇರೆಯಾಗುವವರೆಗೆ ಹೊಸ್ತಿಲು ದಾಟಲಾರ. ಇಲ್ಲಿ “ಅವಿಭಕ್ತ” ಎಂಬುದಕ್ಕೆ ಎಲ್ಲರೂ ಒಂದೇ ಒಲೆಯಲ್ಲಿ ಉಣ್ಣಬೇಕು ಎಂಬ ಅರ್ಥವಿಲ್ಲ. ಆ ಮನೆ ಹಂಚಿಕೆಯಾಗದೆ ಉಳಿದಿದ್ದರೆ ಸಾಕು. ಮದುವೆಯಾಗಿ ಕೋಲಾರದಲ್ಲಿರುವ ಮಗಳೂ ಈ ರಕ್ಷಣೆಯನ್ನು ಕೇಳಬಹುದು. ಖರೀದಿದಾರ ಬಾಗಿಲಿಗೆ ಬರುವ ಮೊದಲೇ ತಾತ್ಕಾಲಿಕ ನಿರ್ಬಂಧಕಾಜ್ಞೆಗೆ ಅರ್ಜಿ ಹಾಕುವುದು ಒಳ್ಳೆಯದು. ಆದರೂ ಈಗಾಗಲೇ ಒಳಹೊಕ್ಕವನನ್ನು ದಾವೆ ಮುಗಿಯುವ ಮೊದಲೇ ಹೊರಗಿಡುವ ಮಧ್ಯಂತರ ಆದೇಶವನ್ನು ಸುಪ್ರೀಂ ಕೋರ್ಟ್ 1990ರಲ್ಲಿ ಇಂಥದೇ ಸಂದರ್ಭದಲ್ಲಿ ಎತ್ತಿಹಿಡಿದಿದೆ.

ಇನ್ನು ಖರೀದಿದಾರ ವಿಭಾಗಕ್ಕಾಗಿ ದಾವೆ ಹೂಡಿದರೆ ಉಳಿದವರಿಗೆ ಇನ್ನೊಂದು ಬಲವಾದ ದಾರಿ ತೆರೆಯುತ್ತದೆ. 1893ರ ವಿಭಾಗ ಅಧಿನಿಯಮದ 4ನೇ ಕಲಮಿನಂತೆ, ಕುಟುಂಬದ ಪಾಲುದಾರರು ಅವನ ಪಾಲನ್ನು ತಾವೇ ಕೊಳ್ಳುತ್ತೇವೆ ಎಂದು ಮುಂದೆ ಬಂದರೆ, ನ್ಯಾಯಾಲಯ ಬೆಲೆ ಕಟ್ಟಿ ಅದನ್ನು ಅವರಿಗೇ ಮಾರಿಸುತ್ತದೆ. ಮನೆಗೆ 80 ಲಕ್ಷ ಬೆಲೆಯಾದರೆ ಅವನಿಗೆ ಸಿಗುವುದು 20 ಲಕ್ಷ. ತಾನು ಕೊಟ್ಟ 60 ಲಕ್ಷದ ಲೆಕ್ಕವನ್ನು ಅವನು ಮಾರಿದವನ ಬಳಿಯೇ ಕೇಳಿಕೊಳ್ಳಬೇಕು. ಆದರೆ ಇದಕ್ಕೆ ಪಾಲು ಬೇರ್ಪಡಿಸಿಕೊಡಿ ಎಂದು ಹೊರಗಿನವನೇ ಕೇಳಿರಬೇಕು, ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದ್ದೂ ಇದನ್ನೇ. ಕುಟುಂಬದವರೇ ಪಾಲಿನ ದಾವೆ ಹೂಡಿ, ಖರೀದಿದಾರ ಪ್ರತಿವಾದಿಯಾಗಿ ಸುಮ್ಮನೆ ಕುಳಿತಿದ್ದರೆ, ಅವನನ್ನು ಮಾರುವಂತೆ ಒತ್ತಾಯಿಸಲು ಈ ಕಲಂ ಒದಗುವುದಿಲ್ಲ. ಆದ್ದರಿಂದ ಪಾಲು ದಾವೆಗೆ ಅವಸರ ಮಾಡದೆ, ಘೋಷಣೆ ಮತ್ತು ನಿರ್ಬಂಧಕಾಜ್ಞೆಯನ್ನಷ್ಟೇ ಕೇಳಿ ಮನೆಯನ್ನು ಭದ್ರಪಡಿಸಿಕೊಳ್ಳುವುದು ಎಷ್ಟೋ ಸಲ ಜಾಣತನ ಎಂಬುದು ನನ್ನ ಅಭಿಪ್ರಾಯ.

ಸ್ವಾಧೀನ ಕೈತಪ್ಪಿದ್ದರೆ ಮಾತ್ರ ತಡಮಾಡಬಾರದು. ಸಹಮಾಲೀಕನೊಬ್ಬ ಮನೆಯಲ್ಲಿ ಒಬ್ಬನೇ ಇದ್ದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ, ಆದರೆ ಇಡೀ ಮನೆ ತನ್ನದೆಂದು ಬಹಿರಂಗವಾಗಿ ಹಿಡಿದುಕೊಂಡ ಹೊರಗಿನವನ ವಿಷಯದಲ್ಲಿ 12 ವರ್ಷಗಳ ಕಾಲಮಿತಿ ಓಡತೊಡಗುತ್ತದೆ. ಮಾರಿದ್ದು ವಾಸದ ಮನೆಯಾಗಿರದೆ ಬಾಡಿಗೆಯ ಅಂಗಡಿಯಾಗಿದ್ದರೆ 44ರ ಎರಡನೇ ಭಾಗವೂ ವಿಭಾಗ ಅಧಿನಿಯಮದ 4ನೇ ಕಲಮೂ ಅನ್ವಯಿಸುವುದಿಲ್ಲ. ಅಲ್ಲಿ ಖರೀದಿದಾರ ಕಾಲು ಪಾಲಿನ ಮಟ್ಟಿಗೆ ಇತರರ ಜೊತೆ ಸ್ವಾಧೀನದಲ್ಲಿ ಇರಬಲ್ಲ.