ವಿಭಕ್ತಿ ಇದ್ದರೆ ಸಾಕೇ? ಕೋಟೆ ಹತ್ತಿದ ಕಿಂಡಿಯ ಕಥೆ

ಪ್ರಶ್ನೆ: ‘ಚಿತ್ರದುರ್ಗದ ಕೋಟೆ ಹತ್ತುತ್ತಾ ಓಬವ್ವನ ಕಿಂಡಿ ಕಾಣಿಸಿತು’ ಎಂದು ಮಗಳು ಪ್ರವಾಸದ ಪ್ರಬಂಧದಲ್ಲಿ ಬರೆದಿದ್ದಳು. ಶಿಕ್ಷಕರು ಕೆಂಪು ಗೆರೆ ಎಳೆದಿದ್ದಾರೆ. ತಪ್ಪೇನು?

ಈ ವಾಕ್ಯದಲ್ಲಿ ಕೋಟೆ ಹತ್ತುತ್ತಿರುವುದು ಕಿಂಡಿ. ‘ಹತ್ತುತ್ತಾ’, ‘ನೋಡಿ’, ‘ಕುಳಿತು’ ಎಂಬಂಥ ಕೃದಂತಾವ್ಯಯಗಳಿಗೆ ಸ್ವಂತ ಕರ್ತೃ ಕಾಣಿಸದಿದ್ದರೆ, ವಾಕ್ಯದ ಕೊನೆಯ ಕ್ರಿಯಾಪದದ ಕರ್ತೃವೇ ಅವುಗಳಿಗೂ ಕರ್ತೃ. ಕಾಣಿಸಿದ್ದು ಕಿಂಡಿ, ಆದ್ದರಿಂದ ಹತ್ತಿದ್ದೂ ಕಿಂಡಿಯೇ ಆಯಿತು. ‘ಕೋಟೆ ಹತ್ತುತ್ತಾ ನಾವು ಓಬವ್ವನ ಕಿಂಡಿಯನ್ನು ಕಂಡೆವು’ ಎನ್ನಬೇಕು. ಕಿಂಡಿಯನ್ನೇ ಕರ್ತೃವಾಗಿ ಉಳಿಸಿಕೊಳ್ಳುವ ಆಸೆಯಿದ್ದರೆ ‘ನಾವು ಕೋಟೆ ಹತ್ತುತ್ತಿದ್ದಾಗ ಓಬವ್ವನ ಕಿಂಡಿ ಕಾಣಿಸಿತು’ ಎನ್ನಿ.

ಇಷ್ಟು ಹೇಳಿದ ಕೂಡಲೇ ಬರುವ ಮಾತು ನನಗೆ ಬಾಯಿಪಾಠವಾಗಿದೆ: ‘ಕನ್ನಡದಲ್ಲಿ ವಿಭಕ್ತಿ ಇದೆ, ಪದವನ್ನು ಎಲ್ಲಿಟ್ಟರೂ ಅರ್ಥ ಕೆಡುವುದಿಲ್ಲ.’ ದಯವಿಟ್ಟು ಈ ನಂಬಿಕೆಯನ್ನು ಬಿಡಿ. ‘ಹುಡುಗ ನಾಯಿಯನ್ನು ಓಡಿಸಿದ’ ಎಂಬುದನ್ನು ‘ನಾಯಿಯನ್ನು ಹುಡುಗ ಓಡಿಸಿದ’ ಎಂದು ತಿರುಗಿಸಿದರೆ ಅರ್ಥ ಉಳಿಯುತ್ತದೆ, ನಿಜ. ಅದು ‘ಅನ್ನು’ ಪ್ರತ್ಯಯದ ಉಪಕಾರ. ಆದರೆ ಪ್ರತ್ಯಯ ಹತ್ತದ ಪದಗಳನ್ನು ಕಾಯುವವರು ಯಾರು?

ದಾವಣಗೆರೆಯ ಮೆಕ್ಕೆಜೋಳದ ರೈತರು ಓದುವ ಒಂದು ಸೂಚನಾ ಫಲಕವನ್ನು ಊಹಿಸಿಕೊಳ್ಳಿ. ‘ಮಂಗಳವಾರ ಸಣ್ಣ ರೈತರಿಗೆ ಮಾತ್ರ ಗೊಬ್ಬರ ಕೊಡಲಾಗುವುದು’ ಎಂದಿದ್ದರೆ ದೊಡ್ಡ ಹಿಡುವಳಿಯವರು ಅಂದು ಬರುವಂತಿಲ್ಲ. ಸಣ್ಣ ರೈತರು ಬುಧವಾರವೂ ಕೇಳಿ ನೋಡಬಹುದು. ‘ಸಣ್ಣ ರೈತರಿಗೆ ಮಂಗಳವಾರ ಮಾತ್ರ ಗೊಬ್ಬರ ಕೊಡಲಾಗುವುದು’ ಎಂದಿದ್ದರೆ, ಬುಧವಾರ ಬಂದ ಸಣ್ಣ ರೈತ ಬರಿಗೈಯಲ್ಲಿ ಮರಳಬೇಕು. ಪದಗಳು ಅವೇ, ವಿಭಕ್ತಿ ಒಂದೂ ಬದಲಾಗಿಲ್ಲ. ‘ಮಾತ್ರ’ ತನ್ನ ಹಿಂದಿನ ಪದವನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ.

ವಿಶೇಷಣ ಇದಕ್ಕೆ ತಿರುಗುಮುರುಗು: ಮುಂದಿನ ನಾಮಪದಕ್ಕೆ ಅಂಟಿಕೊಳ್ಳುತ್ತದೆ. ‘ಮೈಸೂರಿನಲ್ಲಿ ಓದಿದ ಶಿಕ್ಷಕರ ಮಗಳು’ ಎಂದರೆ ಓದಿದವರು ಯಾರು? ‘ಓದಿದ’ ಎಂಬ ರೂಪಕ್ಕೆ ಲಿಂಗವಿಲ್ಲ, ವಚನವಿಲ್ಲ; ಹತ್ತಿರವಿರುವ ಶಿಕ್ಷಕರೇ ಓದಿದಂತೆ ಕೇಳುತ್ತದೆ. ಅಲ್ಪವಿರಾಮ ಹಾಕಿ ಕೈತೊಳೆದುಕೊಳ್ಳಬೇಡಿ, ಗಟ್ಟಿಯಾಗಿ ಓದುವಾಗ ಅದು ಕಿವಿಗೆ ಬೀಳದೆಯೂ ಹೋಗಬಹುದು. ‘ಶಿಕ್ಷಕರ ಮಗಳು ಮೈಸೂರಿನಲ್ಲಿ ಓದಿದವಳು’ ಎಂದು ವಾಕ್ಯವನ್ನೇ ಬಿಡಿಸಿ ಬರೆಯಿರಿ.

ನೀವು ಕೇಳದಿದ್ದರೂ ಇದೊಂದನ್ನು ಹೇಳಿಬಿಡುತ್ತೇನೆ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ, ಕರ್ತೃಗಳು ಎರಡು. ಆದರೂ ವಾಕ್ಯ ಶುದ್ಧವಾಗಿದೆ. ‘ಬಂದು’ ಎಂಬುದರ ಕರ್ತೃ ಪಕ್ಕದಲ್ಲೇ ಇದೆ, ಮೊದಲ ಕ್ರಿಯೆ ಎರಡನೆಯದಕ್ಕೆ ಕಾರಣವೂ ಹೌದು. ‘ಮಳೆ ಬಂದು ನಾನು ಪತ್ರಿಕೆ ಓದಿದೆ’ ಎಂದು ನೋಡಿ: ಕರ್ತೃಗಳು ಎರಡೂ ಇದ್ದರೂ ಕಾರಣದ ನಂಟು ಕಾಣದು, ವಾಕ್ಯ ಮುಗ್ಗರಿಸುತ್ತದೆ. ಅಲ್ಲಿ ‘ಮಳೆ ಬಂದಾಗ’ ಎಂದೇ ಬರೆಯಬೇಕು.